ಚಾಟ್ ಸ್ಕ್ರೀನ್‌ಶಾಟ್ ಅಸಲಿಯಾ, ನಕಲಿಯಾ? ಗಡಿಯಾರ, ಟಿಕ್ ನೋಡುವ ಕ್ರಮ

ನಗು ಬರಿಸುವ ಚಾಟ್ ಸ್ಕ್ರೀನ್‌ಶಾಟ್ ಬಂದರೆ ಜಾಸ್ತಿ ಜನ ಜೂಮ್ ಮಾಡಿ, ಅಕ್ಷರ ಮಸುಕಾಗಿದೆಯಾ ಅಂತ ನೋಡುತ್ತಾರೆ. ಇದರಿಂದ ಅಷ್ಟು ಉಪಯೋಗವಿಲ್ಲ. ಫಾರ್ವರ್ಡ್ ಆಗಿ ಆಗಿ ಅಸಲಿ ಚಿತ್ರವೂ ಮಸುಕಾಗಿರುತ್ತದೆ. ಸಮಯ ಮತ್ತು ಟಿಕ್ ಒಂದಕ್ಕೊಂದು ಹೊಂದುತ್ತವೆಯೇ ಅಂತ ನೋಡುವುದು ಒಳ್ಳೆಯದು.

ನಾನೇ ಕಟ್ಟಿದ ಒಂದು ವಾಟ್ಸಾಪ್ ಉದಾಹರಣೆ ತೆಗೆದುಕೊಳ್ಳಿ. ಮೇಲೆ ಹೆಸರು ‘ಮ್ಯಾನೇಜರ್’.

ಎಡಗಡೆ, 11:48: ‘ಯಾಕೆ ಇನ್ನೂ ಬಂದಿಲ್ಲ?’
ಬಲಗಡೆ, 11:49: ‘ಸರ್, ತುಂಬಾ ಜ್ವರ’ (ಒಂದು ಬೂದು ಟಿಕ್)
ಬಲಗಡೆ, 11:50: ‘ಏಳೋಕೂ ಆಗ್ತಿಲ್ಲ’ (ಎರಡು ನೀಲಿ ಟಿಕ್)
ಎಡಗಡೆ, 11:52: ‘ಸರಿ, ನಿಮ್ಮ ಹಿಂದಿನ ಸೀಟಲ್ಲೇ ಇದ್ದೀನಿ. ಸಿನಿಮಾ ಮುಗೀಲಿ, ಮಾತಾಡೋಣ’

ಫೋನಿನ ಮೇಲ್ತುದಿಯ ಗಡಿಯಾರದಲ್ಲಿ 11:47.

ಮೊದಲು ಗಡಿಯಾರ. 11:47ಕ್ಕೆ ತೆಗೆದ ಚಿತ್ರದಲ್ಲಿ 11:52ರ ಮೆಸೇಜ್ ಹೇಗೆ ಬಂತು? ಆದರೆ ತಕ್ಷಣ ನಕಲಿ ಅನ್ನಬೇಡಿ. ಮೆಸೇಜ್ ನಿನ್ನೆಯದಾಗಿದ್ದು, ಚಿತ್ರ ಇವತ್ತು ತೆಗೆದಿದ್ದರೆ ಏನೂ ತಪ್ಪಿಲ್ಲ. ಅದಕ್ಕೇ ಮೆಸೇಜ್‌ಗಳ ಮೇಲೆ ನಡುವೆ ಬರುವ ದಿನದ ಪಟ್ಟಿ ನೋಡಬೇಕು. ಅಲ್ಲಿ ‘ಇಂದು’ ಅಂತ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಫೋನಿನ ಗಡಿಯಾರವೇ ತಪ್ಪಿರುವುದು ಅಪರೂಪ.

ಇನ್ನು ಟಿಕ್. ಒಂದು ಟಿಕ್ ಅಂದರೆ ಮೆಸೇಜ್ ಹೋಗಿದೆ, ಅವರ ಫೋನಿಗೆ ಇನ್ನೂ ತಲುಪಿಲ್ಲ. ಎರಡು ಅಂದರೆ ತಲುಪಿದೆ, ನೀಲಿಯಾದರೆ ಓದಿದ್ದಾರೆ. ಇಲ್ಲಿ ಎರಡನೆಯದನ್ನು ಓದಿದ್ದಾರೆ, ಮೊದಲನೆಯದು ತಲುಪೇ ಇಲ್ಲ. ಸಾಮಾನ್ಯವಾಗಿ ಹೀಗಾಗುವುದಿಲ್ಲ ಅಲ್ವಾ? ಆದರೆ ಎರಡು ಟಿಕ್ ಬಂದು, ನೀಲಿಯಾಗದೆ ಬೂದಾಗಿಯೇ ಉಳಿದಿದ್ದರೆ ಅದು ತಪ್ಪಲ್ಲ. ಓದಿದ ಸೂಚನೆಯನ್ನು ಇಬ್ಬರಲ್ಲಿ ಒಬ್ಬರು ಆಫ್ ಮಾಡಿದ್ದರೂ ಹಾಗೆಯೇ ಇರುತ್ತದೆ. ಎಡಗಡೆಯ ಮೆಸೇಜ್‌ಗೆ ಟಿಕ್ ಇದ್ದರೆ ಮುಂದೆ ನೋಡುವುದೇ ಬೇಡ. ಟಿಕ್ ಬರುವುದು ನಾವು ಕಳಿಸಿದ್ದಕ್ಕೆ ಮಾತ್ರ.

ಈ ಪರೀಕ್ಷೆಗಳು ನಕಲಿಯನ್ನು ಹಿಡಿಯುತ್ತವೆ, ಆದರೆ ಎಲ್ಲ ಸರಿ ಕಂಡರೂ ಅಸಲಿ ಅಂತ ಸಾಬೀತಾಗುವುದಿಲ್ಲ. ಈ ಮಿತಿ ಚೆನ್ನಾಗಿ ನೆನಪಿರಲಿ. ಕಂಪ್ಯೂಟರ್‌ನಲ್ಲಿ ಬ್ರೌಸರ್‌ನಲ್ಲಿ ಚಾಟ್ ತೆರೆದು, ಪುಟದ ಕೋಡ್ ತೋರಿಸುವ ಇನ್‌ಸ್ಪೆಕ್ಟ್‌ಗೆ ಹೋಗಿ ಮಾತನ್ನೇ ಬದಲಿಸಬಹುದು. ಆಗ ಅಕ್ಷರ, ಬಣ್ಣ, ಟಿಕ್ ಎಲ್ಲ ಅಸಲಿಯದೇ. ಚಿತ್ರವನ್ನು ತಿದ್ದದೆಯೂ ಮೋಸ ಮಾಡಬಹುದು: ಗೆಳೆಯನ ನಂಬರನ್ನು ‘ಮ್ಯಾನೇಜರ್’ ಅಂತ ಸೇವ್ ಮಾಡಿದರೆ ಸಾಕು. ನಡುವಿನ ಮೆಸೇಜನ್ನು ತನಗೆ ಮಾತ್ರ ಡಿಲೀಟ್ ಮಾಡಿಕೊಂಡರೆ ಗುರುತೂ ಉಳಿಯುವುದಿಲ್ಲ, ಮಾತಿನ ಅರ್ಥವೇ ಬದಲಾಗುತ್ತದೆ.

ಹಾಗಾಗಿ ಯಾರದೋ ಹೆಸರು, ಫೋಟೋ ಇರುವ ಚಿತ್ರವಾದರೆ ಕಳಿಸಿದವರನ್ನೇ ಕೇಳಿ: ‘ಇದು ನಿನ್ನ ಚಾಟಾ, ಎಲ್ಲಿಂದಲೋ ಬಂದಿದ್ದಾ?’ ಅವರದೇ ಆದರೆ, ಚಾಟನ್ನು ಮೇಲಕ್ಕೆ ಸರಿಸುತ್ತಾ, ಕೊನೆಗೆ ಹೆಸರು ಒತ್ತಿ ನಂಬರ್ ತೋರಿಸುವ ಸ್ಕ್ರೀನ್ ರೆಕಾರ್ಡಿಂಗ್ ಕೇಳಿ. ಎಲ್ಲಿಂದಲೋ ಬಂದದ್ದಾದರೆ, ನಾನಂತೂ ಹೆಸರಿರುವ ಚಿತ್ರವನ್ನು ಮುಂದೆ ಕಳಿಸುವುದಿಲ್ಲ.