ಬಾಯಿ ತುಂಬ ಹುಣ್ಣಾದಾಗ ಹಲ್ಲುಜ್ಜಬೇಕೇ?

ಪ್ರಶ್ನೆ: ಅಪ್ಪನಿಗೆ ನಾಲಿಗೆ ಕ್ಯಾನ್ಸರ್. ಡೊಂಬಿವಲಿಯಿಂದ ದಿನಾ ಪರೇಲಿಗೆ ರೇಡಿಯೇಶನ್ನಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಈಗ ಮೂರನೇ ವಾರ, ಬಾಯಿ ತುಂಬ ಹುಣ್ಣು. ಬ್ರಷ್ ತಾಗಿದರೆ ರಕ್ತ ಬರುತ್ತದೆಂದು ಹಲ್ಲುಜ್ಜುವುದನ್ನು ನಿಲ್ಲಿಸಿದ್ದೇವೆ. ಸರಿ ತಾನೇ?

ಸರಿಯಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಮಾತ್ರ ಹೋಗುತ್ತಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಈ ಹುಣ್ಣು ಬ್ರಷ್‌ನಿಂದ ಬಂದದ್ದಲ್ಲ. ಬಾಯಿಯ ಒಳಪದರ ಸದಾ ಸವೆಯುತ್ತ, ಹೊಸದಾಗಿ ಹುಟ್ಟುತ್ತ ಇರುತ್ತದೆ. ರೇಡಿಯೇಶನ್ ಆ ಹೊಸ ಹುಟ್ಟನ್ನು ತಡೆಯುತ್ತದೆ. ಹಳೆಯದು ಸವೆದು, ಎರಡು ಮೂರನೇ ವಾರದ ಹೊತ್ತಿಗೆ ಪದರ ತೆಳುವಾಗಿ ಒಡೆಯುತ್ತದೆ. ಉಜ್ಜಿದರೂ, ಬಿಟ್ಟರೂ ಅದು ಬರುವಂಥದ್ದೇ. ಆದರೆ ಉಜ್ಜುವುದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಒಸಡಿನ ಅಂಚಿಗೆ ಕೊಳೆ ಕಟ್ಟಿ, ಒಸಡು ಊದಿ, ಮುಟ್ಟಿದರೆ ರಕ್ತ ಬರುತ್ತದೆ. ಆಗ ಮನೆಯವರು ಬ್ರಷ್ಷನ್ನೇ ದೂರುತ್ತಾರೆ, ಇನ್ನಷ್ಟು ದಿನ ಮುಟ್ಟುವುದಿಲ್ಲ. ತೆರೆದ ಹುಣ್ಣಿಗೆ ಸೋಂಕು ತಗಲುವುದು ಈ ಕೊಳೆಯಿಂದಲೇ.

ಈ ಮಾತು ಹುಟ್ಟಿದ್ದು ಬಹುಶಃ ಕಿಮೋದವರಿಂದ. ಕಿಮೋದಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದಾಗ ಡಾಕ್ಟರು ಕೆಲವು ದಿನ ಬ್ರಷ್ ಬಿಟ್ಟು ಒದ್ದೆ ಗಾಜ್ ಬಟ್ಟೆಯಲ್ಲಿ ಒರೆಸಲು ಹೇಳುವುದುಂಟು. ಅದು ರಕ್ತಪರೀಕ್ಷೆ ನೋಡಿ ಹೇಳುವ ಮಾತು, ಎಲ್ಲರಿಗೂ ಅಲ್ಲ. ನಿಮ್ಮ ತಂದೆಗೆ ಜೊತೆಗೆ ಕಿಮೋ ಇದ್ದರೆ ಮೊದಲು ಇದನ್ನೊಂದು ಕೇಳಿಕೊಳ್ಳಿ.

ಅತಿ ಮೃದುವಾದ ಬ್ರಷ್ ತಂದು, ಪ್ರತಿ ಸಲ ಬಿಸಿನೀರಿನಲ್ಲಿ ಕೆಲವು ನಿಮಿಷ ನೆನೆಸಿ. ಪುದೀನಾ ಪೇಸ್ಟ್ ಉರಿದರೆ ಫ್ಲೋರೈಡ್ ಇರುವ ಮಕ್ಕಳ ಪೇಸ್ಟ್ ಬಳಸಿ. ಮಶೇರಿ ಬೇಡವೇ ಬೇಡ, ಅದು ಸುಟ್ಟ ತಂಬಾಕು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಟೀ ಚಮಚ ಉಪ್ಪು, 1 ಟೀ ಚಮಚ ಅಡುಗೆ ಸೋಡಾ ಬೆರೆಸಿ. ಅಂಗಡಿಯಲ್ಲಿ 'ಖಾಯಚಾ ಸೋಡಾ' ಎಂದೇ ಕೇಳಿ, ಬಟ್ಟೆ ಒಗೆಯುವ ಸೋಡಾ ಬಾಯನ್ನು ಸುಡುತ್ತದೆ. ಊಟವಾದ ಮೇಲೆ, ಮಲಗುವ ಮುಂಚೆ, ಹುಣ್ಣು ಜೋರಿದ್ದರೆ ಎರಡು ಗಂಟೆಗೊಮ್ಮೆ ಅರ್ಧ ನಿಮಿಷ ಮುಕ್ಕಳಿಸಿ ಉಗುಳಲಿ. ದಿನಾ ಹೊಸದಾಗಿ ಮಾಡಿಕೊಳ್ಳಿ. ಉರಿಯುವ ಮೌತ್‌ವಾಶ್‌ನಲ್ಲಿ ಆಲ್ಕೋಹಾಲ್ ಇರಬಹುದು, ಅದು ಬೇಡ.

ನುಂಗಲಾಗದಷ್ಟು ನೋವಿದ್ದರೆ ಮರಗಟ್ಟಿಸುವ ಲಿಡೊಕೇನ್ ಜೆಲ್ ಬರೆದುಕೊಡಲು ಕೇಳಿ. ಅದರ ಮೇಲೆ ಬಿಸಿ ಗಂಜಿ ಕೊಡಬೇಡಿ, ಸುಟ್ಟರೂ ಅವರಿಗೆ ಗೊತ್ತಾಗದು. ಮೊಸರಿನಂಥ ಬಿಳಿ ಪದರ ಕಟ್ಟಿದರೆ ಅದು ಫಂಗಸ್ ಇರಬಹುದು, ಉಪ್ಪುನೀರಿಗೆ ಬಗ್ಗದು, ಬೇರೆ ಔಷಧಿ ಬೇಕು. ಕಿಮೋ ನಡೆಯುವಾಗ 100.4 ಡಿಗ್ರಿ ಜ್ವರ ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ.

ನೀವು ಕೇಳದ ಇನ್ನೊಂದು ಮಾತು. ಕೆಟ್ಟ ಹಲ್ಲು ಕೀಳಿಸುವುದಿದ್ದರೆ ರೇಡಿಯೇಶನ್ನಿಗೆ ಎರಡು ವಾರವಾದರೂ ಮುಂಚೆ, ಗಾಯ ಮಾಯಲು ಬಿಡುವಿಟ್ಟು ಕೀಳಿಸಬೇಕು. ಆಮೇಲೆ ಕೀಳಿಸಿದರೆ, ರಕ್ತಸಂಚಾರ ಕಡಿಮೆಯಾದ ದವಡೆ ಮೂಳೆ ಮಾಯದೆ ಕೊಳೆಯಬಹುದು. ಈ ಅಪಾಯ ವರ್ಷಗಳಾದರೂ ಹೋಗುವುದಿಲ್ಲ. ಮುಂದೆ ಎಂದಾದರೂ ಡೊಂಬಿವಲಿಯಲ್ಲೇ ಹಲ್ಲಿನ ಡಾಕ್ಟರ ಬಳಿ ಹೋದರೆ, ಕುರ್ಚಿಯಲ್ಲಿ ಕೂರುವ ಮುಂಚೆಯೇ ರೇಡಿಯೇಶನ್ ಕಾಗದ ತೋರಿಸಿ.