ಮೂರ್ ಯಂತ್ರದ ಆ ಮೂರನೆಯ ಫ್ಲಿಪ್-ಫ್ಲಾಪ್

ಕೆಲಸ ಹುಡುಕಿಕೊಂಡು ಬರುವ ಎಂಜಿನಿಯರುಗಳಿಗೆ ನಾನು ಕೇಳುವ ಪ್ರಶ್ನೆಯೊಂದಿದೆ: ಒಂದೊಂದೇ ಬಿಟ್ ಆಗಿ ಬರುವ ದತ್ತಾಂಶದಲ್ಲಿ 1011 ಕಂಡೊಡನೆ ಸೂಚನೆ ಕೊಡುವ ಸರ್ಕ್ಯೂಟ್ ಬರೆಯಿರಿ. ಹೆಚ್ಚಿನವರು ಸ್ಥಿತಿಯ ಜೊತೆಗೆ ಆಗ ಬರುತ್ತಿರುವ ಬಿಟ್ ಅನ್ನೂ ನೋಡಿ ಹೊರಬೆಲೆ ಕೊಡುವ ಮೀಲಿ ಯಂತ್ರವನ್ನು ಆರಿಸುತ್ತಾರೆ. ಏಕೆಂದು ಕೇಳಿದರೆ, "ಮೂರ್‌ಗಿಂತ ಒಂದು ಸ್ಥಿತಿ ಕಡಿಮೆ ಸರ್" ಎನ್ನುತ್ತಾರೆ. ಮಾತು ಸರಿಯೇ. ಆದರೆ ಹಾಗೆ ಉಳಿಸಿದ್ದಕ್ಕೆ ಏನನ್ನು ಬಿಟ್ಟುಕೊಟ್ಟಿರಿ ಎಂದರೆ ಉತ್ತರ ಬರುವುದಿಲ್ಲ. ಅದನ್ನು ಗೇಟುಗಳ ಮಟ್ಟಕ್ಕೆ ಇಳಿದೇ ನೋಡಬೇಕು.

ಮೊದಲು ಸ್ಥಿತಿಚಿತ್ರ. ಬಂದ ಬಿಟ್‌ಗಳ ಕೊನೆಯ ಭಾಗ 1011ರ ಆರಂಭಕ್ಕೆ ಎಷ್ಟು ಹೊಂದುತ್ತದೆ ಎಂಬುದಷ್ಟನ್ನೇ ಯಂತ್ರ ನೆನಪಿಡಬೇಕು. ಏನೂ ಹೊಂದದಿದ್ದರೆ S0, 1 ಬಂದಿದ್ದರೆ S1, 10 ಬಂದಿದ್ದರೆ S2, 101 ಬಂದಿದ್ದರೆ S3. S3ಯಲ್ಲಿರುವಾಗ ಇನ್ನೊಂದು 1 ಬಂದರೆ ಹೊರಬೆಲೆ z=1; ಆ ಕೊನೆಯ 1 ಮುಂದಿನ ಸರಣಿಯ ಮೊದಲ ಬಿಟ್ ಆಗಬಹುದಾದ್ದರಿಂದ ಯಂತ್ರ S1ಕ್ಕೆ ಹೋಗುತ್ತದೆ. ಜನ ಎಡವುವುದು S3ಯಲ್ಲಿ 0 ಬಂದಾಗ. ಸರಣಿ ಮುರಿಯಿತೆಂದು S0ಗೆ ಬಾಣ ಎಳೆದುಬಿಡುತ್ತಾರೆ. ಆದರೆ 1010ರ ಬಾಲದಲ್ಲಿ 10 ಇದೆ; ಹೋಗಬೇಕಾದದ್ದು S2ಕ್ಕೆ. ಚಿತ್ರ ಬರೆದ ಮೇಲೆ 101011 ಕೊಟ್ಟು ನೋಡಿ: ತಪ್ಪು ಬಾಣವಿದ್ದರೆ ಕೊನೆಯ ಬಿಟ್‌ಗೆ z ಏಳುವುದೇ ಇಲ್ಲ.

ನಾಲ್ಕು ಸ್ಥಿತಿಗಳಿಗೆ ತಲಾ ಒಂದು ಬಿಟ್ ನೆನಪಿಡುವ ಎರಡು ಡಿ ಫ್ಲಿಪ್-ಫ್ಲಾಪ್ ಸಾಕು. S0ಯಿಂದ S3ರವರೆಗೆ Q1Q0 ಬೆಲೆಗಳಾಗಿ 00, 01, 10, 11 ಕೊಟ್ಟು, ಬರುವ ಬಿಟ್ ಅನ್ನು x ಎಂದೂ Q1, Q0ಗಳ ಮುಂದಿನ ಬೆಲೆಗಳನ್ನು D1, D0 ಎಂದೂ ಕರೆದು, ಸಮೀಕರಣ ಸರಳಗೊಳಿಸುವ ಕಾರ್ನೋ ನಕ್ಷೆ ಹಾಕಿದರೆ ಇಷ್ಟೇ ಉಳಿಯುತ್ತದೆ:

```
D1 = Q0·x' + Q1·Q0'·x
D0 = x
z  = Q1·Q0·x
```

ಈಗ z ಸಮೀಕರಣವನ್ನು ನೋಡಿ. ಅದರಲ್ಲಿ x ನೇರವಾಗಿ ಕುಳಿತಿದೆ. ಯಂತ್ರ S3 ತಲುಪಿದ್ದು x=1 ಇದ್ದುದರಿಂದ. ಕ್ಲಾಕಿನ ಏರಿಕೆ ಮುಗಿದು Q1, Q0 ಎರಡೂ 1 ಆದ ಗಳಿಗೆಯಲ್ಲಿ x ಇನ್ನೂ ಹಳೆಯ 1ನ್ನೇ ಹಿಡಿದಿದ್ದರೆ z ಏಳುತ್ತದೆ. ನಾಲ್ಕನೆಯ ಬಿಟ್ ಇನ್ನೂ ಬಂದೇ ಇರುವುದಿಲ್ಲ. ಮುಂದಿನ ಬಿಟ್ 0 ಆಗಿದ್ದರೂ ಆಸಿಲೋಸ್ಕೋಪಿನಲ್ಲಿ ಒಂದು ಸುಳ್ಳು ಸ್ಪಂದ ಕಾಣುತ್ತದೆ. x ಅದೇ ಕ್ಲಾಕಿನ ಫ್ಲಿಪ್-ಫ್ಲಾಪಿನಿಂದ ಬರುತ್ತಿದ್ದರೆ ಅದು ಕ್ಷಣಿಕ ಗ್ಲಿಚ್, ಸ್ವಿಚ್ಚಿನಿಂದ ಬರುತ್ತಿದ್ದರೆ ಅರ್ಧ ಆವರ್ತದಷ್ಟು ಉದ್ದವೂ ಆಗಬಹುದು. ಮುಂದಿನ ಕ್ಲಾಕ್ ಏರಿಕೆಯ ತುಸು ಮುಂಚೆ ಮಾತ್ರ z ನಂಬಿಕೆಗೆ ಅರ್ಹ. ಇಂಥ z ಅನ್ನು ಕೌಂಟರಿನ ಕ್ಲಾಕಿಗೆ ಜೋಡಿಸಿದರೆ ಎಣಿಕೆ ತಪ್ಪುವುದು ಖಚಿತ.

ಮೂರ್ ಯಂತ್ರದಲ್ಲಿ ಹೊರಬೆಲೆ ಸ್ಥಿತಿಯನ್ನು ಮಾತ್ರ ಅವಲಂಬಿಸುತ್ತದೆ. ಹಾಗಾಗಿ "1011 ಮುಗಿಯಿತು" ಎನ್ನಲು ಐದನೆಯ ಸ್ಥಿತಿ S4 ಬೇಕು, ಜೊತೆಗೆ ಮೂರನೆಯ ಫ್ಲಿಪ್-ಫ್ಲಾಪ್. ಎಣಿಕೆಯ ಅಭ್ಯಾಸದಂತೆ S4ಗೆ 100 ಕೊಟ್ಟರೆ D0 ಸಹ ಸರಳವಾಗಿ ಉಳಿಯದೆ x·(Q1·Q0)' ಆಗುತ್ತದೆ, D1ಗೂ ಒಂದು ಪದ ಹೆಚ್ಚು ಸೇರುತ್ತದೆ. S4ರಿಂದ ಹೊರಡುವ ಬಾಣಗಳನ್ನು ಒಮ್ಮೆ ಗಮನಿಸಿ: 0 ಬಂದರೆ S2, 1 ಬಂದರೆ S1. S1ರ ಬಾಣಗಳೂ ಥೇಟ್ ಹಾಗೆಯೇ. ಎರಡಕ್ಕೂ ಇರುವ ವ್ಯತ್ಯಾಸ ಹೊರಬೆಲೆಯೊಂದೇ. ಹಾಗಿದ್ದರೆ S1 001 ಆಗಿರುವಾಗ S4ಗೆ 101 ಕೊಡೋಣ:

```
D2 = Q1·Q0·x
D1 = Q0·x' + Q1·Q0'·x
D0 = x
z  = Q2
```

ನಡುವಿನ ಎರಡು ಸಾಲು ಮೀಲಿಯವೇ, ಅಕ್ಷರವೂ ಬದಲಾಗಿಲ್ಲ. D2 ಎಂದರೆ ಮೀಲಿಯ z. ಅಂದರೆ ಮೂರನೆಯ ಫ್ಲಿಪ್-ಫ್ಲಾಪ್ ಮಾಡುವುದು ಒಂದೇ ಕೆಲಸ: ಮೀಲಿಯ ಹೊರಬೆಲೆಯನ್ನು ಕ್ಲಾಕಿನ ಏರಿಕೆಯಲ್ಲಿ ಹಿಡಿದು, ಇಡೀ ಆವರ್ತ ಅಲುಗದಂತೆ ಇಟ್ಟುಕೊಳ್ಳುವುದು. ಅದಕ್ಕೆ ತೆರುವ ಬೆಲೆಯೆಂದರೆ ಸೂಚನೆ ಆ ಏರಿಕೆಯ ನಂತರವೇ ಸಿಗುವುದು. z ಚಿಪ್ಪಿನ ಹೊರಗೆ ಹೋಗುವುದಾದರೆ ಅಥವಾ ಬೇರೆ ಕ್ಲಾಕಿನ ಸರ್ಕ್ಯೂಟಿಗೆ ಹೋಗುವುದಾದರೆ ನಾನು ಎರಡನೆಯ ಯೋಚನೆಯಿಲ್ಲದೆ ಮೂರ್ ಅನ್ನೇ ಬಳಸುತ್ತೇನೆ. ಅದೇ ಕ್ಲಾಕಿನ ಇನ್ನೊಂದು ರಿಜಿಸ್ಟರಿಗೆ ಎನೇಬಲ್ ಆಗಿ ಹೋಗುವಾಗ, ಒಂದು ಆವರ್ತವೂ ಅಮೂಲ್ಯವಾಗಿದ್ದರೆ, ಮೀಲಿ.

ಈ ಎರಡೂ ಆಯ್ಕೆ ಕಾಪಾಡಲಾರದ ತೊಂದರೆಯೊಂದಿದೆ. x ಕ್ಲಾಕಿಗೆ ಹೊಂದಿಕೊಳ್ಳದೆ ಹೊರಗಿನಿಂದ ಬಂದರೆ, ಏರಿಕೆಯ ಹೊತ್ತಿಗೇ ಬದಲಾಗಬಹುದು. S1ರಲ್ಲಿ D1 ಎಂದರೆ x', D0 ಎಂದರೆ x. ಒಂದು ಫ್ಲಿಪ್-ಫ್ಲಾಪ್ ಹಳೆಯ 0ಯನ್ನೂ ಇನ್ನೊಂದು ಹೊಸ 1ನ್ನೂ ಕಂಡರೆ Q1Q0 ಸೀದಾ 11 ಆಗುತ್ತದೆ: ನಡುವಿನ 0 ಬಾರದೆಯೇ S1ರಿಂದ S3ಗೆ ಜಿಗಿತ. ಮುಂದಿನ 1ಕ್ಕೆ ಸುಳ್ಳು ಪತ್ತೆ. ಸಿಮ್ಯುಲೇಶನ್‌ನಲ್ಲಿ ಇದು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಬೋರ್ಡಿನ ಮೇಲೆ ಯಾವಾಗಲೋ ಒಮ್ಮೆ ಕಾಣಿಸಿಕೊಂಡು ಮಾಯವಾಗುತ್ತದೆ. x ಅನ್ನು ಯಂತ್ರಕ್ಕೆ ಕೊಡುವ ಮುಂಚೆ ಒಂದರ ಹಿಂದೊಂದು ಜೋಡಿಸಿದ ಎರಡು ಡಿ ಫ್ಲಿಪ್-ಫ್ಲಾಪ್‌ಗಳ ಮೂಲಕ ಹಾಯಿಸಿ, ಎರಡನೆಯದರ ಹೊರಬೆಲೆಯನ್ನಷ್ಟೇ D0, D1, z ಮೂರಕ್ಕೂ ಹಂಚಬೇಕು.