ಉಳುಮೆ ಕಡಿಮೆಯಾದರೂ ಎತ್ತಿನ ಹೆಗಲು ಹುಣ್ಣಾಗುವುದೇಕೆ?

ಮುಂಗಾರು ಬಿದ್ದು ವಾರ ಕಳೆಯುವಷ್ಟರಲ್ಲಿ ಹೆಗಲು ಬಾತ ಎತ್ತುಗಳು ಪಶು ಆಸ್ಪತ್ರೆಯ ಮುಂದೆ ಬಂದು ನಿಲ್ಲುತ್ತವೆ. ಈಗ ದೊಡ್ಡ ಉಳುಮೆಯೆಲ್ಲ ಟ್ರಾಕ್ಟರ್ ಪಾಲಾಗಿದೆ. ಎತ್ತಿಗೆ ಉಳಿದಿರುವುದು ಬಿತ್ತನೆ, ಕುಂಟೆ ಹೊಡೆಯುವುದು, ಎಡೆಕುಂಟೆ, ಒಂದಿಷ್ಟು ಬಂಡಿ ಕೆಲಸ. ಕೆಲಸ ಇಳಿದ ಮೇಲೆ ಹುಣ್ಣೂ ಇಳಿಯಬೇಕಿತ್ತು ಅಲ್ವಾ? ಹಾಗಾಗಿಲ್ಲ. ಕಾರಣ ಹುಡುಕುತ್ತಾ ಹೋದರೆ ಬೇಸಿಗೆಯ ಮೇವಿಗೂ ಕಾಲಿನ ಲಾಳಕ್ಕೂ ಹೋಗಬೇಕಾಗುತ್ತದೆ.

ಎತ್ತು ಎಳೆಯುವ ಭಾರವೆಲ್ಲ ಬೀಳುವುದು ಹೆಗಲಿನ ಅಂಗೈಯಗಲದ ಜಾಗದ ಮೇಲೆ. ತನ್ನ ತೂಕದ ಹತ್ತನೇ ಒಂದು ಪಾಲಿನಷ್ಟು ಬಲ ಹಾಕಿ ಗಂಟೆಗಟ್ಟಲೆ ಎಳೆಯಬಲ್ಲ ಪ್ರಾಣಿ ಅದು. ದಿನವೂ ನೊಗ ಹೊರುವ ಎತ್ತಿನ ಹೆಗಲ ಚರ್ಮ ದಪ್ಪಗಾಗಿ, ಗಟ್ಟಿಯಾಗುತ್ತದೆ. ಮೂರು ತಿಂಗಳು ಸುಮ್ನೆ ಕಟ್ಟಿಹಾಕಿದರೆ ಆ ಚರ್ಮ ಮತ್ತೆ ಮೆತ್ತಗಾಗುತ್ತದೆ. ಅದರ ಮೇಲೆ ಒಮ್ಮೆಲೇ ಆರು ಗಂಟೆ ನೊಗ ಇಟ್ಟರೆ ಅಲ್ಲಿ ರಕ್ತ ಓಡಾಡುವುದಿಲ್ಲ, ಒಳಗಿನ ಮಾಂಸ ಜಜ್ಜಿಹೋಗುತ್ತದೆ. ಮಳೆಯಲ್ಲಿ ನೆನೆದ ಚರ್ಮವಾದರೆ ಇನ್ನೂ ಬೇಗ ಸುಲಿಯುತ್ತದೆ.

ಹಳೆಯ ಪದ್ಧತಿಯಲ್ಲಿ ಇದಕ್ಕೆ ತಡೆ ಇತ್ತು. ಯುಗಾದಿಗೆ ಹೊನ್ನಾರು ಕಟ್ಟಿ ನಾಲ್ಕು ಸಾಲು ಉಳುತ್ತಿದ್ದರು. ಆಮೇಲೆ ಅಡ್ಡಮಳೆ ಬಿದ್ದಾಗೆಲ್ಲ ಸ್ವಲ್ಪ ಸ್ವಲ್ಪ ಮಾಗಿ ಉಳುಮೆ ಮಾಡುತ್ತಾ, ಮುಂಗಾರಿನ ಹೊತ್ತಿಗೆ ಹೆಗಲು ಪಳಗುತ್ತಿತ್ತು. ಬಸವಣ್ಣನ ವಾರ ಅಂತ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಭಕ್ತಿಯ ಮಾತು ಹಾಗಿರಲಿ, ವಾರಕ್ಕೊಂದು ದಿನ ಹೆಗಲಿಗೆ ಬಿಡುವು ಸಿಗುತ್ತಿತ್ತು ಅನ್ನುವುದು ನನಗೆ ದೊಡ್ಡದು.

ಬೇಸಿಗೆಯ ಮೇವಿನ ವಿಚಾರದಲ್ಲಿ ಮೈಸೂರು ಅರಸರ ಕಾಲದ ವ್ಯವಸ್ಥೆ ನೋಡಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ದನಗಳ ಇಲಾಖೆಗೆ ಟಿಪ್ಪು ‘ಅಮೃತ್ ಮಹಲ್’ ಎಂದು ಹೆಸರಿಟ್ಟ. ಸೈನ್ಯದ ಫಿರಂಗಿ, ಸಾಮಾನು ಎಳೆಯುವ ಎತ್ತುಗಳು ಇಲ್ಲಿಂದಲೇ ಹೋಗುತ್ತಿದ್ದವು. ಇವುಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳಿಗೆ ಕಾವಲು ಎನ್ನುತ್ತಿದ್ದರು. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಮತ್ತೊಂದು ಕಾವಲು. ಬೇಸಿಗೆ ಕಾವಲೆಂದರೆ ನೀರು, ನೆರಳು, ಒಂದಿಷ್ಟು ಹಸಿರು ಉಳಿಯುವ ಜಾಗ. ಕಡು ಬೇಸಿಗೆಯಲ್ಲೂ ದನ ಸೊರಗಬಾರದು ಅನ್ನುವುದು ಅದರ ಉದ್ದೇಶ. ಈಗ ಊರ ಗೋಮಾಳವೂ ಇಲ್ಲ, ಕೆರೆಯಂಗಳದ ಹುಲ್ಲೂ ಇಲ್ಲ. ಕೆಲಸವಿಲ್ಲದ ಎತ್ತಿಗೆ ಹಿಂಡಿ ಯಾಕೆ ಅಂತ ಬರೀ ಒಣಹುಲ್ಲು ಹಾಕುತ್ತಾರೆ. ಎತ್ತು ಬಡವಾದಾಗ ಹೆಗಲಿನ ಮಾಂಸವೂ ಕರಗುತ್ತದೆ. ಮೆತ್ತೆಯಿಲ್ಲದ ಮೂಳೆಗಳ ಮೇಲೆ ನೊಗ ಕೂರುತ್ತದೆ.

ತುಮಕೂರು ಕಡೆಯ ರಾಗಿ ಹೊಲದಲ್ಲಿ ದುಡಿಯುವ, 350 ಕಿಲೋ ತೂಗುವ ಒಂದು ಹಳ್ಳಿಕಾರ್ ಎತ್ತಿನ ಲೆಕ್ಕ ಹಾಕೋಣ. ದಿನಕ್ಕೆ 7ರಿಂದ 8 ಕಿಲೋ ರಾಗಿ ಹುಲ್ಲು ಬೇಕು. ಬಿಡುವಿನಲ್ಲಿ ಇದರ ಜೊತೆ ಒಂದು ಕಿಲೋ ತಿಂಡಿ ಸಾಕು. ನಾಲ್ಕೈದು ಗಂಟೆ ಉಳುವ ದಿನ ಅದು 2 ಕಿಲೋ ಆಗಬೇಕು, ಇಡೀ ದಿನದ ದುಡಿಮೆಯಾದರೆ 2.5ರಿಂದ 3 ಕಿಲೋ. ತಿಂಡಿ ಎಂದರೆ ನೆನೆಸಿದ ಅಥವಾ ಬೇಯಿಸಿದ ಹುರುಳಿ, ಶೇಂಗಾ ಹಿಂಡಿ, ಬೂಸಾ. ಒಂದು ಹಿಡಿ ಉಪ್ಪು, ಸಿಕ್ಕರೆ ಸ್ವಲ್ಪ ಖನಿಜ ಮಿಶ್ರಣ.

ಈ ಬದಲಾವಣೆಯನ್ನು ಉಳುಮೆ ಶುರುವಾದ ದಿನ ಮಾಡಬಾರದು. ಮೂರು ವಾರ ಮೊದಲೇ ಶುರುಮಾಡಿ, ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಕಿಲೋದಂತೆ ಏರಿಸಬೇಕು. ಮಳೆ ಬಂತಲ್ಲ ಅಂತ ಒಂದೇ ದಿನ ಕಾಳು, ಹಿಟ್ಟು ಜಾಸ್ತಿ ಸುರಿದರೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಎತ್ತು ಮೆಲುಕು ನಿಲ್ಲಿಸುತ್ತದೆ, ಸಗಣಿ ತೆಳುವಾಗುತ್ತದೆ, ಕೆಲವೊಮ್ಮೆ ಗೊರಸಿನ ಒಳಗೆ ನೋವು ಬಂದು ಕುಂಟುತ್ತದೆ. ಹೊಟ್ಟೆ ತುಂಬಾ ತಿಂದ ಕೂಡಲೇ ಹೂಡುವುದೂ ತಪ್ಪು. ಬೆಳಗಿನ ಜಾವ ಹುಲ್ಲು ಹಾಕಿ, ಮೆಲುಕು ಹಾಕಲು ಬಿಟ್ಟು, ತಂಪು ಹೊತ್ತಿನಲ್ಲಿ ಹೂಡಿ, ಬಿಸಿಲೇರುವ ಮೊದಲೇ ಬಿಚ್ಚಬೇಕು. ದೊಡ್ಡ ಪಾಲಿನ ತಿಂಡಿ ಸಂಜೆ ಮೈ ಆರಿದ ಮೇಲೆ.

ಇನ್ನು ಕಾಲು. ಹೊಲದ ಮಣ್ಣಿಗೆ ಲಾಳ ಬೇಕಿಲ್ಲ. ಬರೀ ಎರೆಮಣ್ಣಿನಲ್ಲಿ, ಕೆಸರು ಗದ್ದೆಯಲ್ಲಿ ದುಡಿಯುವ ಎತ್ತಿಗೆ ಅದಿಲ್ಲದೆಯೂ ನಡೆಯುತ್ತದೆ. ಲಾಳ ಬೇಕಾಗುವುದು ಕಲ್ಲು ಹಾಸಿದ, ಟಾರು ಹಾಕಿದ ರಸ್ತೆಯಲ್ಲಿ. ಬಂಡಿ ಪ್ರಯಾಣ ಹೆಚ್ಚಿದಂತೆ ಲಾಳ ಕಟ್ಟುವವರ ಕೆಲಸವೂ ಹೆಚ್ಚಿತು. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ಲಾಳ, ನಾಲ್ಕಕ್ಕೂ ಹೊಡೆದರೆ ಎಂಟು. ಎತ್ತನ್ನು ಹಗ್ಗ ಹಾಕಿ ಮೆಲ್ಲಗೆ ಕೆಡವಿ, ಕಾಲು ಕಟ್ಟಿ, ಗೊರಸಿನ ತಳ ಸಮ ಮಾಡಿ ಲಾಳ ಇಡುತ್ತಾರೆ. ಮೊಳೆ ಹೊರಮುಖವಾಗಿ ಹೋಗಬೇಕು. ಎತ್ತಿನ ಗೊರಸಿನ ಗೋಡೆ ತೆಳು. ಮೊಳೆ ಸ್ವಲ್ಪ ಒಳಗೆ ವಾಲಿದರೂ ಜೀವ ಮಾಂಸಕ್ಕೆ ತಾಗಿ, ಒಂದೆರಡು ದಿನದಲ್ಲಿ ಎತ್ತು ಕುಂಟುತ್ತದೆ, ಗೊರಸು ಮುಟ್ಟಿದರೆ ಬಿಸಿ ಇರುತ್ತದೆ. ಆಗ ಮೊಳೆ ಕಿತ್ತು ವೈದ್ಯರಿಗೆ ತೋರಿಸಬೇಕು, ಕೀವು ಒಳಗೇ ಉಳಿದರೆ ಕಾಲೇ ಹೋಗುತ್ತದೆ.

ಈಗ ಅನೇಕ ಕಡೆ ಲಾಳ ಹೊಡೆಯುವವರು ಸಿಗುವುದು ಕಷ್ಟ. ಹಾಗಾಗಿ ಸವೆದ ಲಾಳ ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಗೊರಸು ಅದನ್ನು ಮೀರಿ ಬೆಳೆಯುತ್ತದೆ. ಕಾಲು ನೋಯುವ ಎತ್ತು ಹಿಂದೆ ಬೀಳುತ್ತದೆ, ನೊಗ ಓರೆಯಾಗುತ್ತದೆ. ಹುಣ್ಣು ಕಾಣಿಸುವುದು ಹೆಗಲಲ್ಲಿ, ಹುಟ್ಟಿದ್ದು ಗೊರಸಿನಲ್ಲಿ. ಜೋಡಿಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದಾದರೂ ನೊಗ ಹೀಗೇ ಓರೆಯಾಗುತ್ತದೆ. ಅಂಥಾಗ ನೇಗಿಲಿನ ಉದ್ದ ಮರ, ಅಂದರೆ ಈಸು ಕಟ್ಟುವ ಜಾಗವನ್ನು ನೊಗದ ನಡುವಿನಿಂದ ಬಲವಾದ ಎತ್ತಿನ ಕಡೆಗೆ ತುಸು ಸರಿಸಿದರೆ ಚಿಕ್ಕದರ ಮೇಲಿನ ಭಾರ ಇಳಿಯುತ್ತದೆ.

ಸರ್ಕಾರ 1965ರಲ್ಲೇ ಎಳೆಯುವ ಪ್ರಾಣಿಗಳ ಬಗ್ಗೆ ನಿಯಮ ಮಾಡಿದೆ. ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗೆ ವರ್ಷಗಟ್ಟಲೆ ದುಡಿದರು. ಆದರೂ ಹೊಲಗಳಲ್ಲಿ ಬಹುಪಾಲು ಹಳೇ ಮರದ ನೊಗವೇ ಉಳಿದಿದೆ.

ನೊಗ ಬಿಚ್ಚಿದ ಕೂಡಲೇ ಹೆಗಲ ಮೇಲೆ ಕೈಯಾಡಿಸಿ ನೋಡುವುದು ಎಲ್ಲಕ್ಕಿಂತ ಮುಖ್ಯ. ಕೂದಲು ಮುರಿದಿದ್ದರೆ, ಒಂದು ಕಡೆ ಬಿಸಿ ಇದ್ದರೆ, ಒತ್ತಿದಾಗ ಎತ್ತು ಕತ್ತು ಎಳೆದುಕೊಂಡರೆ ಮರುದಿನ ಹೂಡಬಾರದು. ಹೊಸದಾಗಿ ಬಾತಿದ್ದರೆ ಮೊದಲ ದಿನ ತಣ್ಣೀರ ಪಟ್ಟಿ, ಎರಡು ದಿನದ ಮೇಲೆ ಬಿಸಿ ಶಾಖ. ಚರ್ಮ ಸುಲಿದಿದ್ದರೆ ಉಪ್ಪು ನೀರಲ್ಲಿ ತೊಳೆದು, ಒರೆಸಿ, ಬೇವಿನೆಣ್ಣೆಯಲ್ಲಿ ಕಲಸಿದ ಅರಿಸಿನ ಹಚ್ಚಬಹುದು. ನೊಣ ಕೂರುವುದು ತಪ್ಪುತ್ತದೆ. ಬಾವು ಮೆತ್ತಗಾಗಿ ಒಳಗೆ ಕೀವು ಆಡಿದರೆ ಮನೆಯಲ್ಲಿ ಕೊಯ್ಯಬಾರದು, ಅದು ಪಶುವೈದ್ಯರ ಕೆಲಸ. ಹುಣ್ಣಿನ ಮೇಲೆ ಗೋಣಿ ಸುತ್ತಿ ಹೂಡುವ ರೂಢಿ ಬಹಳ ಕಡೆ ಇದೆ, ಅದನ್ನು ದಯವಿಟ್ಟು ಬಿಡಬೇಕು. ಹಾಗೆ ಮಾಡಿದ ಹುಣ್ಣು ಮಾಯುವ ಬದಲು ಒಳಗೇ ಗಂಟಾಗುತ್ತದೆ. ಆ ಗಂಟು ಗಟ್ಟಿಯಾದ ಮೇಲೆ ಯಾವ ಮುಲಾಮಿಗೂ ಕರಗುವುದಿಲ್ಲ, ಆಪರೇಷನ್ ಮಾಡಿಯೇ ತೆಗೆಯಬೇಕು. ಗಾಯ ಪೂರ್ತಿ ಒಣಗಿ ಹೊಸ ಕೂದಲು ಬರುವವರೆಗೆ, ಅಂದರೆ ಆ ಮುಂಗಾರಿನ ಬಹುಪಾಲು, ಎತ್ತು ಕೊಟ್ಟಿಗೆಯಲ್ಲೇ ಇರಬೇಕಾಗುತ್ತದೆ.